ಲಾಗ್‌ಬುಕ್ಕಿನಿಂದ ಕೊಡದವರೆಗೆ: ಬರಗಾಲದ ನೀರಿನ ಲೆಕ್ಕ ಹಿಡಿಯುವುದು ಹೇಗೆ

2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯ ಸರ್ಕಾರ ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಪಟ್ಟಿ ಬೆಳೆಯುತ್ತ ಹೋಗಿ, 236 ತಾಲ್ಲೂಕುಗಳ ಪೈಕಿ 223 ಅದರೊಳಗೆ ಬಂದವು. ಆದರೂ ಆಗ ಎಷ್ಟೋ ಹಳ್ಳಿಗಳ ನಲ್ಲಿಯಲ್ಲಿ ನೀರು ಬರುತ್ತಲೇ ಇತ್ತು. ಬೀದಿಯಲ್ಲಿ ಕೊಡಗಳು ಸಾಲುಗಟ್ಟಿದ್ದು ಮರುವರ್ಷದ ಬೇಸಿಗೆಯಲ್ಲಿ. ಪತ್ರಿಕೆಗಳಲ್ಲಿ "ಇಷ್ಟು ಗ್ರಾಮಗಳಿಗೆ ಟ್ಯಾಂಕರ್ ನೀರು" ಎಂಬ ಸಾಲು ದಿನಾ ಬರತೊಡಗಿದ್ದೂ ಆಗಲೇ.

ಆ ಸಾಲು ಓದಿದವರಿಗೆ ಏನು ತಿಳಿಯುತ್ತದೆ? ಒಂದು ಊರಿಗೆ ಟ್ಯಾಂಕರ್ ಹೋಗಿದೆ ಎಂದಷ್ಟೇ. ಆ ಊರಿನ ಕೊನೆಯ ಬೀದಿಯ ಮನೆಯಲ್ಲಿ ಅಂದು ಎಷ್ಟು ಕೊಡ ನೀರಿತ್ತು ಎಂಬುದು ಅದರಲ್ಲಿ ಇಲ್ಲ. ವರದಿಗಾರರು ಅದನ್ನು ಹೇಳಬೇಕೆಂದರೆ ಟ್ಯಾಂಕರಿನ ವೇಳಾಪಟ್ಟಿ, ಮನೆಯವರು ಹೇಳುವ ಲೆಕ್ಕ, ಕಚೇರಿಯ ಅಂಕಿ, ಈ ಮೂರನ್ನೂ ಪಕ್ಕಪಕ್ಕ ಇಡಬೇಕು. ಮೂರೂ ಒಂದೇ ನೀರಿನ ಬಗ್ಗೆ ಇದ್ದರೂ ಮೂರರ ಉತ್ತರ ಒಂದೇ ಆಗಿರುವುದಿಲ್ಲ. ಹಾಗೆಂದು ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದೇ ಆಗಬೇಕಿಲ್ಲ. ಒಂದೊಂದು ಲೆಕ್ಕವನ್ನೂ ಒಂದೊಂದು ಜಾಗದಲ್ಲಿ ನಿಂತು ಹಿಡಿದಿರುತ್ತಾರೆ.

## ಬರ ಬಂದ ಮೇಲೆ ನೀರು ನಿಲ್ಲಲು ತಿಂಗಳುಗಳು ಬೇಕು, ಯಾಕೆ?

ಬರ ಘೋಷಣೆಗೆ ಕೇಂದ್ರ ಸರ್ಕಾರದ 2016ರ ಕೈಪಿಡಿ ಆಧಾರ. ಅದು ಮೊದಲು ನೋಡುವುದು ಮಳೆ ಎಷ್ಟು ಕಡಿಮೆಯಾಯಿತು, ಮಳೆಯೇ ಇಲ್ಲದ ವಾರಗಳು ಎಷ್ಟು ಎಂಬುದನ್ನು. ಆಮೇಲೆ ಬಿತ್ತನೆ, ಉಪಗ್ರಹ ಚಿತ್ರದಲ್ಲಿ ಕಾಣುವ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ. ಒಟ್ಟಿನಲ್ಲಿ ಈ ಅಳತೆಯ ಕಣ್ಣು ಹೆಚ್ಚಾಗಿ ಇರುವುದು ಹೊಲದ ಮೇಲೆ, ಲೆಕ್ಕ ಮಾಡುವುದು ತಾಲ್ಲೂಕು ಮಟ್ಟದಲ್ಲಿ.

ಕುಡಿಯುವ ನೀರು ಹೊಲದ ಹಾಗೆ ಒಣಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಬಂಡೆಯ ಮೇಲಿನ ಸಡಿಲ ಪದರದಲ್ಲಿ, ಆಮೇಲೆ ಬಂಡೆಯ ಬಿರುಕುಗಳಲ್ಲಿ. ಬೋರ್‌ವೆಲ್ಲಿಗೆ ಸಿಕ್ಕಿರುವ ಬಿರುಕಿನಲ್ಲಿ ಹಿಂದಿನ ವರ್ಷದ ನೀರು ಇರುವವರೆಗೆ ಮೋಟರ್ ಎತ್ತುತ್ತಲೇ ಇರುತ್ತದೆ. ಮಳೆ ಇಲ್ಲದ ವರ್ಷ ರೈತರೂ ಬೆಳೆ ಉಳಿಸಿಕೊಳ್ಳಲು ಹೆಚ್ಚು ಹೊತ್ತು ಮೋಟರ್ ಓಡಿಸುತ್ತಾರೆ, ಹಾಗಾಗಿ ಊರಿನ ಬೋರೂ ತೋಟದ ಬೋರುಗಳೂ ಒಂದೇ ಬಿರುಕಿಗೆ ಬಾಯಿ ಹಾಕಿದಂತಾಗುತ್ತದೆ. ಮೊದಲು ನಾಲ್ಕು ಗಂಟೆ ಓಡುತ್ತಿದ್ದ ಮೋಟರ್ ಎರಡು ಗಂಟೆಗೆ ಗಾಳಿ ಉಗುಳತೊಡಗುತ್ತದೆ. ಆಮೇಲೆ ಅರ್ಧ ಗಂಟೆ ನೀರು, ಮೂರು ಗಂಟೆ ಬಿಡುವು.

ಆದ್ದರಿಂದ ನೀರಿನ ವರದಿ ಶುರುವಾಗಬೇಕಾದ್ದು ಟ್ಯಾಂಕರ್ ಬರುವುದಕ್ಕೂ ಮುಂಚೆ. ನೀರುಗಂಟಿಯನ್ನು, ಅಂದರೆ ಪಂಚಾಯಿತಿಯಿಂದ ನೀರು ಬಿಡುವವರನ್ನು, "ಮೋಟರ್ ಎಷ್ಟು ಹೊತ್ತಿಗೆ ಗಾಳಿ ಎಳೆಯುತ್ತೆ?" ಎಂದು ಡಿಸೆಂಬರಿನಲ್ಲೇ ಕೇಳಿ ಬರೆದಿಟ್ಟುಕೊಂಡರೆ, ಮಾರ್ಚಿನಲ್ಲಿ ಹೋಲಿಸಿ ನೋಡಲು ಒಂದು ಅಳತೆ ಕೈಯಲ್ಲಿರುತ್ತದೆ.

## ಟ್ಯಾಂಕರ್: ಟ್ರಿಪ್ಪು, ಲೀಟರು, ಗಡಿಯಾರ

ಟ್ಯಾಂಕರ್ ಓಡುವ ಊರಿನಲ್ಲಿ ಸಾಮಾನ್ಯವಾಗಿ ಒಂದು ಲಾಗ್‌ಬುಕ್ ಅಥವಾ ಟ್ರಿಪ್ ಶೀಟ್ ಇರುತ್ತದೆ. ದಿನಾಂಕ, ಟ್ರ್ಯಾಕ್ಟರ್ ನಂಬರು, ತುಂಬಿಸಿದ ಜಾಗ, ಇಳಿಸಿದ ಜಾಗ, ಟ್ರಿಪ್ಪುಗಳ ಸಂಖ್ಯೆ, ಊರಿನವರ ಅಥವಾ ಸದಸ್ಯರ ಸಹಿ. ಬಿಲ್ ಪಾಸಾಗುವುದು ಇದರ ಮೇಲೆ. ಪಂಚಾಯಿತಿಯಲ್ಲಿ ಪಿಡಿಒ ಅವರನ್ನು ಕೇಳಿದರೆ ತೋರಿಸಬಹುದು. ತೋರಿಸದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಉತ್ತರ ಕೊಡಲು 30 ದಿನ ಗಡುವು ಇದೆ. ಪ್ರತಿಗಳನ್ನು ಕೇಳುವುದರ ಜೊತೆಗೆ ಕಡತವನ್ನು ಖುದ್ದಾಗಿ ನೋಡಲು ಅವಕಾಶ ಕೊಡಿ ಎಂದೂ ಅದೇ ಅರ್ಜಿಯಲ್ಲಿ ಬರೆಯಬಹುದು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ "ಕರೆಂಟ್ ಇಲ್ಲ, 1 ಟ್ರಿಪ್" ಎಂಬಂಥ ಟಿಪ್ಪಣಿ ಕಾಣುವುದು ಮೂಲ ಪುಸ್ತಕದಲ್ಲಿಯೇ.

ಲೆಕ್ಕಕ್ಕಾಗಿ ಒಂದು ಊರನ್ನು ಅಂದುಕೊಳ್ಳೋಣ. 160 ಮನೆ, 700 ಜನ. ಲಾಗ್‌ಬುಕ್ಕಿನ ಪ್ರಕಾರ ದಿನಕ್ಕೆ 5 ಟ್ರಿಪ್, ಒಂದು ಟ್ಯಾಂಕರಿಗೆ 5,000 ಲೀಟರ್. ಒಟ್ಟು 25,000 ಲೀಟರ್, ತಲೆಗೆ ಸುಮಾರು 36.

ಈಗ ಟ್ಯಾಂಕರಿನ ಹತ್ತಿರ ಹೋಗಿ. ಅದರ ಮೇಲೆ ಬಣ್ಣದಲ್ಲಿ ಬರೆದಿರುವ ಅಂಕಿಗಿಂತ ನಿಮ್ಮ ಜೇಬಿನಲ್ಲಿರುವ ಟೇಪು ನಂಬಿಕಸ್ಥ. ಕೊಳವೆಯಾಕಾರದ ಟ್ಯಾಂಕಾದರೆ ಎರಡೇ ಅಳತೆ ಸಾಕು, ಅಡ್ಡಳತೆ ಮತ್ತು ಉದ್ದ, ಎರಡೂ ಮೀಟರಿನಲ್ಲಿ. ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.785ರಿಂದ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ. ಬರುವುದು ಘನ ಮೀಟರ್, ಒಂದು ಘನ ಮೀಟರ್ ಎಂದರೆ 1,000 ಲೀಟರ್. ನಮ್ಮ ಟ್ಯಾಂಕರಿನ ಅಡ್ಡಳತೆ 1.3 ಮೀಟರ್, ಉದ್ದ 3 ಮೀಟರ್ ಬಂತು ಎನ್ನಿ. ಅದರಲ್ಲಿ ಹಿಡಿಯುವುದು ಸುಮಾರು 3,980 ಲೀಟರ್. ಅಲ್ಲಿಗೆ ಒಂದೊಂದು ಟ್ರಿಪ್ಪಿನಲ್ಲೂ ಸಾವಿರ ಲೀಟರ್ ಕಾಗದದ ಮೇಲೆ ಮಾತ್ರ ಇತ್ತು ಎಂದಾಯಿತು. ಮೊಟ್ಟೆಯಾಕಾರದ ಟ್ಯಾಂಕಾದರೆ ಅಗಲ, ಎತ್ತರ ಎರಡನ್ನೂ ಅಳೆದು ಗುಣಿಸಬೇಕು, ಉಳಿದ ಲೆಕ್ಕ ಇದೇ.

ಇನ್ನು ಟ್ರಿಪ್ಪಿನ ಸಂಖ್ಯೆ. ಇದಕ್ಕೆ ಗಡಿಯಾರ ಬೇಕು. ತುಂಬಿಸುವ ಬೋರಿನ ಹತ್ತಿರ 20 ಲೀಟರಿನ ಕ್ಯಾನ್ ಹಿಡಿದು ನೋಡಿ. 10 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಎರಡು ಲೀಟರ್, ಅಂದರೆ ಟ್ಯಾಂಕರ್ ತುಂಬಲು ಸುಮಾರು 33 ನಿಮಿಷ. ಬೋರು ಊರಿನಿಂದ 6 ಕಿಲೋಮೀಟರ್ ದೂರ. ಮಣ್ಣಿನ ರಸ್ತೆಯಲ್ಲಿ ತುಂಬಿದ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಬರಲು 25 ನಿಮಿಷ, ಖಾಲಿ ಹೋಗಲು 20. ಇಳಿಸಲು 20. ಒಂದು ಸುತ್ತಿಗೆ ಹತ್ತಿರ ಹತ್ತಿರ 100 ನಿಮಿಷ ಹಿಡಿಯಿತು. ಬೋರಿಗೆ ತ್ರೀಫೇಸ್ ಕರೆಂಟ್ 7 ಗಂಟೆ ಇದ್ದರೆ ಹೆಚ್ಚೆಂದರೆ ನಾಲ್ಕು ಸುತ್ತು.

ಪುಸ್ತಕದಲ್ಲಿ 5 ಇದ್ದರೆ ತಕ್ಷಣ ಕಳ್ಳಲೆಕ್ಕ ಎಂದು ಬರೆಯಬೇಡಿ. ಬೆಳಗಿನ ಟ್ಯಾಂಕರನ್ನು ಹಿಂದಿನ ರಾತ್ರಿಯೇ ತುಂಬಿಸಿ ನಿಲ್ಲಿಸಿರಬಹುದು. ತೋಟದಲ್ಲಿ ಸಂಪು ಇದ್ದರೆ ಕರೆಂಟಿಗೆ ಕಾಯಬೇಕಿಲ್ಲ. ಎರಡನೇ ಟ್ರ್ಯಾಕ್ಟರ್ ಇರಬಹುದು. ಇವನ್ನೆಲ್ಲ ಚಾಲಕರನ್ನು, ತೋಟದವರನ್ನು, ನೀರು ಹಿಡಿಯುವವರನ್ನು ಬೇರೆ ಬೇರೆಯಾಗಿ ಕೇಳಬೇಕು. ಟ್ಯಾಂಕರಿಗೆ ಜಿಪಿಎಸ್ ಹಾಕಿದ್ದರೆ ಅದರ ದಾಖಲೆ ಕೇಳಬಹುದು, ಆದರೆ ಜಿಪಿಎಸ್ ಹೇಳುವುದು ಟ್ರ್ಯಾಕ್ಟರ್ ಎಲ್ಲಿ ಓಡಿತು ಎಂದು ಮಾತ್ರ. ಹಿಂದಿನ ಟ್ಯಾಂಕಿನಲ್ಲಿ ನೀರಿತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಹಣ ಹೇಗೆ ಕೊಡುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ. ಟ್ರಿಪ್ಪಿಗಿಷ್ಟು ಎಂದಿದ್ದರೆ ಪುಸ್ತಕದಲ್ಲಿ ಟ್ರಿಪ್ಪು ಹೆಚ್ಚುವ ಕಡೆಗೆ ಎಳೆತ. ತಿಂಗಳಿಗಿಷ್ಟು ಎಂದಿದ್ದರೆ ಓಡಾಟ ಕಡಿಮೆಯಾಗುವ ಕಡೆಗೆ. ಯಾವ ದಿಕ್ಕಿನಲ್ಲಿ ತಪ್ಪು ಹುಡುಕಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ನಮ್ಮ ಊರಿನಲ್ಲಿ ಮೂರು ದಿನ ನಿಂತು ನೋಡಿದಾಗ ದಿನಕ್ಕೆ ನಾಲ್ಕೇ ಟ್ರಿಪ್ ಬಂದವು ಎಂದಿಟ್ಟುಕೊಳ್ಳಿ. ಒಟ್ಟು ಸುಮಾರು 15,900 ಲೀಟರ್. ತಲೆಗೆ 36 ಇದ್ದದ್ದು 23ಕ್ಕೆ ಇಳಿಯಿತು. ನೀರು ಇನ್ನೂ ಮನೆಯ ಬಾಗಿಲು ದಾಟಿಲ್ಲ.

## ಮನೆಯ ಲೆಕ್ಕ: "ನಿನ್ನೆ ಎಷ್ಟು ಕೊಡ?"

"ನಿಮಗೆ ನೀರು ಸಾಕಾಗುತ್ತಾ?" ಎಂದು ಕೇಳಿದರೆ "ಎಲ್ಲಿ ಸಾಕಾಗುತ್ತೆ ಸಾರ್" ಎಂಬ ಉತ್ತರ ಎಲ್ಲ ಮನೆಯಲ್ಲೂ ಒಂದೇ. ಅದು ನಿಜವೇ ಆದರೂ ವರದಿಗೆ ಬರುವುದಿಲ್ಲ. "ದಿನಾ ಎಷ್ಟು ಕೊಡ ಹಿಡೀತೀರಿ?" ಎಂದರೆ ಅಂದಾಜು ಬರುತ್ತದೆ, ಅದರಲ್ಲಿ ಕೆಟ್ಟ ದಿನದ ನೆನಪು ದೊಡ್ಡದಾಗಿರುತ್ತದೆ. ಕೇಳಬೇಕಾದ್ದು ನಿನ್ನೆಯ ಬಗ್ಗೆ. ನಿನ್ನೆ ಎಷ್ಟು ಕೊಡ, ಯಾರು ತಂದರು, ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬಂದರು, ಇವತ್ತು ಬೆಳಗ್ಗೆ ಎದ್ದಾಗ ಎಷ್ಟು ಉಳಿದಿತ್ತು. ನೀರು ಹೊತ್ತವರನ್ನೇ ಕೇಳಬೇಕು. ಜಗಲಿಯ ಮೇಲೆ ಕೂತ ಯಜಮಾನರು ಹೇಳುವ ಲೆಕ್ಕಕ್ಕೂ ಒಳಗಿರುವ ಅಕ್ಕ ಹೇಳುವ ಲೆಕ್ಕಕ್ಕೂ ಎರಡು ಕೊಡದಷ್ಟಾದರೂ ವ್ಯತ್ಯಾಸ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಆಮೇಲೆ ಕೊಡ ತೋರಿಸಿ ಎನ್ನಿ. ಕೊಡ ಒಂದು ಅಳತೆಯಲ್ಲ, ಪಾತ್ರೆ. ಪ್ಲಾಸ್ಟಿಕ್ ಕೊಡ, ಸ್ಟೀಲ್ ಬಿಂದಿಗೆ, ಹಿತ್ತಾಳೆ ಬಿಂದಿಗೆ ಎಲ್ಲದರ ಹೊಟ್ಟೆ ಬೇರೆ. ಒಂದು ಲೀಟರಿನ ಬಾಟಲಿಯಿಂದ ಸುರಿದು ಒಮ್ಮೆ ಎಣಿಸಿಕೊಂಡರೆ ಮುಗಿಯಿತು, ಸುರಿದ ನೀರನ್ನು ಅವರ ಹಂಡೆಗೇ ವಾಪಸು ಹಾಕಿ. ನೀರಿಲ್ಲದ ಊರಿನಲ್ಲಿ ಅಳತೆಗೆಂದು ನೀರು ಚೆಲ್ಲಿದರೆ ಮುಂದಿನ ಮನೆಯವರು ಬಾಗಿಲು ತೆರೆಯುವುದಿಲ್ಲ.

ಇನ್ನೊಂದು ಮಾತು. ಕಚೇರಿಯ ಭಾಷೆಯಲ್ಲಿ ಕುಡಿಯುವ ನೀರು ಎಂದರೆ ಮನೆಬಳಕೆಯ ಎಲ್ಲ ನೀರೂ ಸೇರಿತು. ಊರಿನಲ್ಲಿ ಹಾಗಲ್ಲ. ಕುಡಿಯೋ ನೀರು ಬೇರೆ, ಬಳಸೋ ನೀರು ಬೇರೆ. ಫ್ಲೋರೈಡ್ ಇರುವ ಜಿಲ್ಲೆಗಳಲ್ಲಿ ಕುಡಿಯಲು ಶುದ್ಧ ನೀರಿನ ಘಟಕದಿಂದ ಕಾಯಿನ್ ಹಾಕಿ ಕ್ಯಾನ್ ತರುತ್ತಾರೆ, ನಲ್ಲಿಯದೋ ಟ್ಯಾಂಕರಿನದೋ ನೀರು ಪಾತ್ರೆ, ಬಟ್ಟೆ, ಸ್ನಾನಕ್ಕೆ. ನೀವು ಯಾವುದನ್ನು ಕೇಳುತ್ತಿದ್ದೀರಿ ಎಂದು ಬಿಡಿಸಿ ಹೇಳದಿದ್ದರೆ "ಕುಡಿಯೋ ನೀರಿಗೇನೂ ತೊಂದರೆ ಇಲ್ಲ" ಎಂಬ ಉತ್ತರ ಬರುತ್ತದೆ, ಅದೇ ಮನೆಯವರು ನಾಲ್ಕು ದಿನದಿಂದ ಬಟ್ಟೆ ಒಗೆದಿರುವುದಿಲ್ಲ. ಘಟಕಕ್ಕೂ ನೀರು ಬರುವುದು ಬೋರಿನಿಂದಲೇ. ಶುದ್ಧೀಕರಣದಲ್ಲಿ ಒಂದು ಪಾಲು ನೀರು ಹೊರಗೆ ಹೋಗುವುದರಿಂದ ಬೋರು ಸಣ್ಣಗಾದಾಗ ಘಟಕ ಬೇಗ ನಿಲ್ಲುತ್ತದೆ. ಆಗ ಜನ ಕುಡಿಯಲೂ ಟ್ಯಾಂಕರ್ ನೀರನ್ನೇ ಬಳಸುತ್ತಾರೆ. ಆ ನೀರನ್ನು ಕಿಟ್ಟಿನಲ್ಲಿ ಪರೀಕ್ಷೆ ಮಾಡಿದ್ದಾರಾ ಎಂದು ಕೇಳುವುದು ಆವಾಗ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇದ್ದರೆ ಬೇರೆ ದಾರಿ ಇಲ್ಲದಿದ್ದಾಗಲೂ ಆ ನೀರು ಕುಡಿಯಲು ಒಪ್ಪುವ ಮಿತಿಯನ್ನು ಮೀರಿದೆ ಎಂದರ್ಥ.

ಎಷ್ಟು ಮನೆ ಕೇಳಬೇಕು? ನಮ್ಮ 160 ಮನೆಯ ಊರಿಗೆ 20 ಸಾಕು, ಆದರೆ ಆರಿಸುವುದರಲ್ಲಿ ಜಾಗ್ರತೆ ಬೇಕು. ಟ್ಯಾಂಕರ್ ನಿಲ್ಲುವ ತೊಟ್ಟಿಯ ಪಕ್ಕದ ಮನೆಗಳು, ನಡುವಿನ ಬೀದಿ, ಕಾಲೋನಿ, ಊರಾಚೆಯ ತೋಟದ ಮನೆಗಳು, ಒಬ್ಬರೇ ಇರುವ ಮುದುಕರ ಮನೆ, ದನ ಇರುವ ಮನೆ, ಎಲ್ಲದರಲ್ಲೂ ಒಂದಷ್ಟು ಬರಬೇಕು. 20 ಮನೆಯ ಸರಾಸರಿ ತಲೆಗೆ 17 ಲೀಟರ್ ಎಂದು ಬಂತು ಎನ್ನೋಣ. ತೊಟ್ಟಿಯ ಪಕ್ಕದಲ್ಲಿ 31, ಕಾಲೋನಿಯ ಕೊನೆಯಲ್ಲಿ 9. ವರದಿಯಲ್ಲಿ ಸರಾಸರಿಯೊಂದನ್ನೇ ಬರೆದರೆ 9 ಕಾಣೆಯಾಗುತ್ತದೆ.

ಊರಿಗೆ ಬಂದದ್ದು ತಲೆಗೆ 23, ಮನೆಯವರ ಬಳಕೆಗೆ ಸಿಕ್ಕಿದ್ದು 17. ಉಳಿದ ಸುಮಾರು ಆರು ಲೀಟರನ್ನು 700 ಜನಕ್ಕೆ ಕೂಡಿಸಿದರೆ ಹತ್ತಿರ ಹತ್ತಿರ 4,000 ಲೀಟರ್, ಅಂದರೆ ಇಡೀ ಒಂದು ಟ್ಯಾಂಕರ್. ಅದು ಎಲ್ಲಿ ಹೋಯಿತು? ಪೈಪಿನ ಬಾಯಲ್ಲಿ ಚೆಲ್ಲಿದ್ದು ಸ್ವಲ್ಪ, ತೊಟ್ಟಿಯ ಬಿರುಕಿನಲ್ಲಿ ಸೋರಿದ್ದು ಸ್ವಲ್ಪ. ದೊಡ್ಡ ಪಾಲು ಕೊಟ್ಟಿಗೆಯಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಒಂದು ಹಸು ದಿನಕ್ಕೆ 40ರಿಂದ 60 ಲೀಟರ್ ಕುಡಿಯುತ್ತದೆ. ಎರಡು ಹಸು ಇರುವ ಮನೆಯಲ್ಲಿ ದನದ ಪಾಲು ಐದು ಜನರ ಪಾಲಿಗೆ ಹತ್ತಿರ ಹತ್ತಿರ ಸಮ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಹಾಲಿನ ದುಡ್ಡೇ ಆ ಮನೆ ನಡೆಸುತ್ತಿರುವಾಗ ಯಾರೂ ಹಸುವನ್ನು ಬಾಯಾರಿಸಿ ತಾವು ಸ್ನಾನ ಮಾಡುವುದಿಲ್ಲ. ತಲೆಗಿಷ್ಟು ಲೀಟರ್ ಎಂಬ ಸರ್ಕಾರಿ ಲೆಕ್ಕದಲ್ಲಿ ಎಣಿಸುವುದು ಮನುಷ್ಯರ ತಲೆ ಮಾತ್ರ. ಮನೆಗೆ ಹೋದಾಗ ದನಕ್ಕೆ ಹಾಕಿದ್ದನ್ನು ಬೇರೆಯಾಗಿ ಬರೆದುಕೊಳ್ಳಿ.

ಪಾತ್ರೆಯೂ ಒಂದು ಮಿತಿ. ಟ್ಯಾಂಕರ್ ದಿನ ಬಿಟ್ಟು ದಿನ ಬರುವ ಊರಿನಲ್ಲಿ, ಆರೇ ಕೊಡ ಇರುವ ಮನೆಗೆ ಎರಡು ದಿನಕ್ಕೆ ಆರೇ ಕೊಡ ನೀರು. ಡ್ರಮ್ಮು, ಸಿಂಟೆಕ್ಸ್, ಸಂಪು ಇರುವವರು ಎರಡು ದಿನದ್ದನ್ನೂ ಹಿಡಿದಿಡುತ್ತಾರೆ. ಟ್ರಿಪ್ಪು ಹೆಚ್ಚಿಸಿದರೂ ಮೊದಲ ಮನೆಗೆ ಹೆಚ್ಚು ನೀರು ಸೇರುವುದಿಲ್ಲ.

## ಕಚೇರಿಯ ಅಂಕಿ ಏನನ್ನು ಎಣಿಸುತ್ತದೆ?

ಜಲ ಜೀವನ್ ಮಿಷನ್ 2019ರ ಆಗಸ್ಟಿನಲ್ಲಿ ಶುರುವಾದಾಗ ಇಟ್ಟುಕೊಂಡ ಗುರಿ ತಲೆಗೆ ದಿನಕ್ಕೆ 55 ಲೀಟರ್. ಅದಕ್ಕೂ ಮೊದಲು ಗ್ರಾಮೀಣ ನೀರು ಪೂರೈಕೆಯಲ್ಲಿ ಬಹಳ ವರ್ಷ 40 ಲೀಟರಿನ ಲೆಕ್ಕವಿತ್ತು. ಅಧಿಕಾರಿಗಳು ಯಾವ ಅಳತೆಗೋಲಿಗೆ ಹೋಲಿಸಿ "ಕೊರತೆ ಇಲ್ಲ" ಎನ್ನುತ್ತಿದ್ದಾರೆ ಎಂದು ಮೊದಲು ಕೇಳಿ. ಮಿಷನ್ನಿನ ಪಟ್ಟಿಯಲ್ಲಿ ಒಂದು ಮನೆಗೆ ನಲ್ಲಿ ಸಂಪರ್ಕ ಇದೆ ಎಂದಿದ್ದರೆ, ಪೈಪು ಹಾಕಿ ನಲ್ಲಿ ಕೂರಿಸಿದ ದಿನದ ಸಂಗತಿ ಅದು. ಇಂದು ಆ ನಲ್ಲಿಯಲ್ಲಿ ನೀರು ಬಂತೇ ಎಂಬುದು ಬೇರೆ ಪ್ರಶ್ನೆ. ಮದುವೆ ಪಟ್ಟಿಯಲ್ಲಿ ಎಷ್ಟು ಎಲೆ ಎಂದು ಬರೆದಿರುವುದಕ್ಕೂ ಎಷ್ಟು ಜನಕ್ಕೆ ಬಡಿಸಿದರು ಎಂಬುದಕ್ಕೂ ಇರುವಷ್ಟೇ ಅಂತರ.

ಬರದ ವರ್ಷ ಹೆಚ್ಚು ದಾರಿ ತಪ್ಪಿಸುವುದು "ಟ್ಯಾಂಕರ್ ಗ್ರಾಮಗಳ ಸಂಖ್ಯೆ". ನಾನೂ ಒಮ್ಮೆ ಇದರಲ್ಲಿ ಎಡವಿದ್ದೇನೆ. ಒಂದು ತಾಲ್ಲೂಕಿನಲ್ಲಿ ಟ್ಯಾಂಕರ್ ಹಳ್ಳಿಗಳು ಎರಡು ವಾರದಲ್ಲಿ ಅರ್ಧಕ್ಕೆ ಇಳಿದಿದ್ದವು, ಸಮಸ್ಯೆ ತಗ್ಗಿದೆ ಎಂದು ಬರೆದೆ. ಮರುದಿನ ಒಬ್ಬ ನೀರುಗಂಟಿ ಫೋನ್ ಮಾಡಿದರು. "ಸಾರ್, ನೀರು ಬಂತು ಅಂತ ಟ್ಯಾಂಕರ್ ನಿಲ್ಸಿಲ್ಲ. ತೋಟದ ಬೋರ್ ಬಾಡಿಗೆಗೆ ತಗೊಂಡು ಪೈಪ್ ಎಳೆದವ್ರೆ. ಆ ಬೋರೂ ನಾಳೆ ನಾಡಿದ್ದು ಅನ್ನೋ ಹಂಗೈತೆ." ಖಾಸಗಿ ಬೋರ್ ಬಾಡಿಗೆಗೆ ಪಡೆದು ನೀರು ಕೊಡುವುದು ಟ್ಯಾಂಕರಿಗಿಂತ ಅನುಕೂಲದ ವ್ಯವಸ್ಥೆಯೇ. ಆದರೆ ಕಚೇರಿಯ ತಃಖ್ತೆಯಲ್ಲಿ ಆ ಊರು ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ಹೋಗಿರುತ್ತದೆ, ಅಷ್ಟೆ. ಹಾಗಾಗಿ ಟ್ಯಾಂಕರ್ ಹಳ್ಳಿ, ಬಾಡಿಗೆ ಬೋರಿನ ಹಳ್ಳಿ, ಹೊಸ ಬೋರು ಕೊರೆದ ಹಳ್ಳಿ, ಕೊರೆದವುಗಳಲ್ಲಿ ನೀರು ಸಿಕ್ಕವು, ಈ ನಾಲ್ಕನ್ನೂ ಒಟ್ಟಿಗೆ ಕೇಳಬೇಕು. ತಹಶೀಲ್ದಾರ್ ಕಚೇರಿ, ತಾಲ್ಲೂಕು ಪಂಚಾಯಿತಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಎಂಜಿನಿಯರ್, ಮೂವರ ಹತ್ತಿರವೂ ಒಂದೊಂದು ಪಟ್ಟಿ ಇರಬಹುದು, ದಿನಾಂಕ ಹೊಂದದಿದ್ದರೆ ಹೋಲಿಸಬೇಡಿ.

ಜನಸಂಖ್ಯೆಯೂ ಅಲುಗಾಡುವ ಅಂಕಿ. 2011ರ ಜನಗಣತಿಯ ಮೇಲೆ ಅಂದಾಜು ಕಟ್ಟಿದ ಲೆಕ್ಕದಲ್ಲಿ 700 ಜನ ಇರುವ ಊರಿನಲ್ಲಿ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದವರನ್ನು ಬಿಟ್ಟರೆ ಫೆಬ್ರವರಿಯಲ್ಲಿ 600 ಇರಬಹುದು. ಏಪ್ರಿಲಿನಲ್ಲಿ ಶಾಲೆಗೆ ರಜೆ ಬಂದು ಮೊಮ್ಮಕ್ಕಳು, ಜಾತ್ರೆಗೆ ನೆಂಟರು ಸೇರಿದರೆ 800. ಅದೇ ನಾಲ್ಕು ಟ್ಯಾಂಕರ್ ಫೆಬ್ರವರಿಯಲ್ಲಿ ತಲೆಗೆ ಸುಮಾರು 27 ಲೀಟರ್, ಏಪ್ರಿಲಿನಲ್ಲಿ 20. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿಯವರಿಗೆ ಊರಿನಲ್ಲಿ ಈಗ ಯಾರಿದ್ದಾರೆ ಎಂಬುದು ಕಚೇರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

## ಮೂರನ್ನೂ ಕೂಡಿಸಿ ಬರೆಯುವಾಗ

ನಮ್ಮ ಊರಿನ ವರದಿ ಹೀಗಿರಬಹುದು. ಪುಸ್ತಕದ ಪ್ರಕಾರ ದಿನಕ್ಕೆ ತಲೆಗೆ 36 ಲೀಟರ್. ಟ್ಯಾಂಕ್ ಅಳೆದು, ಮೂರು ದಿನ ಟ್ರಿಪ್ ಎಣಿಸಿದಾಗ 23. ಇಪ್ಪತ್ತು ಮನೆಗಳಲ್ಲಿ ಕೇಳಿದಾಗ 17, ಕಡಿಮೆ ಎಂದರೆ 9. ಸರ್ಕಾರದ ಗುರಿ 55. ಯಾವ ತಿಂಗಳ ಯಾವ ದಿನಗಳು, ಯಾರು ಅಳೆದರು, ಎಷ್ಟು ಮನೆ ಎಂಬುದನ್ನು ಅಂಕಿಯ ಪಕ್ಕದಲ್ಲೇ ಹೇಳಬೇಕು. ಮೂರು ದಿನ ನೋಡಿದ್ದನ್ನು ಇಡೀ ಬೇಸಿಗೆಗೆ ಎಳೆಯಬಾರದು, ಒಂದು ಊರಿನದನ್ನು ತಾಲ್ಲೂಕಿಗೆ ಹರಡಬಾರದು. ಅಚ್ಚಿಗೆ ಮೊದಲು 5,000 ಮತ್ತು 3,980ರ ವ್ಯತ್ಯಾಸವನ್ನು ಪಿಡಿಒ ಮುಂದಿಟ್ಟು ಉತ್ತರ ಕೇಳಬೇಕು. ಎಷ್ಟೋ ಸಲ ಅವರೇ ಆ ಟ್ಯಾಂಕನ್ನು ಅಳೆದಿರುವುದಿಲ್ಲ, ಟೆಂಡರಿನಲ್ಲಿದ್ದ ಅಂಕಿ ಹಾಗೆಯೇ ಪುಸ್ತಕಕ್ಕೆ ಇಳಿದಿರುತ್ತದೆ.

ಊರಿನ ಹೆಸರು ಬರೆಯಬಹುದು, ಕೊಟ್ಟಿಗೆಗೆ ನೀರು ಹಾಕಿದವರ ಹೆಸರು ಬೇಡ. ನಾಳೆ ಟ್ಯಾಂಕರ್ ಹತ್ತಿರ ಅವರಿಗೆ ಯಾರಾದರೂ ಮಾತು ಹೇಳಿದರೆ ಅದಕ್ಕೆ ನಮ್ಮ ವರದಿಯೇ ಕಾರಣವಾಗುತ್ತದೆ.

ಜೂನಿನಲ್ಲಿ ಎರಡು ಹದ ಮಳೆ ಬಿದ್ದ ಕೂಡಲೇ ಲಾಗ್‌ಬುಕ್ ನಿಂತುಹೋಗುತ್ತದೆ. ಮಣ್ಣು ನೆನೆದು, ಸಡಿಲ ಪದರ ತುಂಬಿ, ಬಂಡೆಯ ಬಿರುಕಿಗೆ ನೀರು ಇಳಿಯಲು ಇನ್ನೂ ವಾರಗಳೋ ತಿಂಗಳುಗಳೋ ಬೇಕು, ಬೋರಿಗೆ ಅಷ್ಟು ಬೇಗ ಮಳೆಯ ಸುದ್ದಿ ತಲುಪುವುದಿಲ್ಲ. ಟ್ಯಾಂಕರಿನ ಕಾಲಮ್ ಸೊನ್ನೆ ಆದ ಮೇಲೆ ಜುಲೈಯಲ್ಲಿ ಅದೇ ಇಪ್ಪತ್ತು ಮನೆಗೆ ಇನ್ನೊಮ್ಮೆ ಹೋಗಿ, ಅದೇ ಪುಸ್ತಕದ ಮುಂದಿನ ಪುಟದಲ್ಲಿ ಬರೆದುಕೊಳ್ಳಿ: ನಿನ್ನೆ ಎಷ್ಟು ಕೊಡ?